ರಜೆ ಪ್ಯಾಕೇಜಿನ ಕರಪತ್ರ ಓದುವ ಬಗೆ

ಮಾರ್ಚ್ ಬಂತೆಂದರೆ ಟ್ರಾವೆಲ್ಸ್‌ನವರ ಕರಪತ್ರಗಳು ದಿನಪತ್ರಿಕೆಯೊಳಗೆ ಸೇರಿಕೊಂಡು ಮನೆಗೆ ಬರುತ್ತವೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಬೆಂಗಳೂರು, ಮೈಸೂರಿನ ಮನೆಗಳಿಗೆ ಹೆಚ್ಚಾಗಿ ಬರುವುದು ಊಟಿ ಪ್ಯಾಕೇಜು. 'ಊಟಿ–ಕೂನೂರು, 3 ಹಗಲು 2 ರಾತ್ರಿ, ಟಾಯ್ ಟ್ರೇನ್ ಸವಾರಿ, ತಲೆಗೆ 8,000 ರೂಪಾಯಿಯಿಂದ, ಬುಕಿಂಗ್‌ಗೆ ಏಪ್ರಿಲ್ 20 ಕೊನೆಯ ದಿನ' ಎಂಬ ಕರಪತ್ರ ಕೈಗೆ ಬಂದಿದೆ ಎಂದುಕೊಳ್ಳೋಣ. ಹೊರಡುವುದು ಮೇ 9ರ ರಾತ್ರಿ, ಊಟಿ ತಲುಪುವುದು ಮೇ 10ಕ್ಕೆ.

ಮೊದಲು ಕೊನೆಯ ದಿನಾಂಕವನ್ನೇ ನೋಡಿ. ಏಪ್ರಿಲ್ 20 ಎಂಬುದು ಟ್ರಾವೆಲ್ಸ್‌ನವರು ತಮ್ಮ ಗಾಡಿ ತುಂಬಿಸಿಕೊಳ್ಳಲು ಇಟ್ಟುಕೊಂಡ ಗಡುವು. ರೈಲಿನ ಗಡುವು ಬೇರೆಯೇ ಇದೆ. ರೈಲು ಟಿಕೆಟಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲು ತೆರೆಯುತ್ತದೆ. ಅದಕ್ಕೂ ಮುಂಚೆ 120 ದಿನ ಇತ್ತು. ಮೇ 10ರ ಟಿಕೆಟು ಮಾರ್ಚ್ 11ಕ್ಕೇ ಸಿಗಲು ಶುರುವಾಗುತ್ತದೆ. ಯುನೆಸ್ಕೊ ಪಟ್ಟಿಯಲ್ಲಿರುವ ನೀಲಗಿರಿ ಬೆಟ್ಟದ ರೈಲಿನಲ್ಲಿ ಸೀಟುಗಳೇ ಕಡಿಮೆ, ರಜೆಯಲ್ಲಿ ಬೇಗ ಮುಗಿದುಹೋಗುತ್ತವೆ. ಹಾಗಾಗಿ ಏಪ್ರಿಲ್‌ನಲ್ಲಿ ದುಡ್ಡು ಕಟ್ಟುವವರು ಒಂದು ಪ್ರಶ್ನೆ ಕೇಳಲೇಬೇಕು: 'ಟಾಯ್ ಟ್ರೇನ್ ಟಿಕೆಟ್ ಕನ್ಫರ್ಮ್ ಆಗಿದೆಯೇ?' ಕರಪತ್ರದ ತಳದಲ್ಲಿ ಸಣ್ಣಕ್ಷರದಲ್ಲಿ 'ಲಭ್ಯತೆಗೆ ಒಳಪಟ್ಟಿದೆ' ಎಂದಿದ್ದರೆ ಸವಾರಿ ಖಾತ್ರಿಯಲ್ಲ. ಮೆಟ್ಟುಪಾಳ್ಯದಿಂದ ಊಟಿಯವರೆಗಿನ 46 ಕಿ.ಮೀ. ಹಾದಿಗೆ ಸುಮಾರು ಐದು ಗಂಟೆ ಬೇಕು. ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಗಂಟೆ ಚಿಲ್ಲರೆಯ ಕೂನೂರು–ಊಟಿ ತುಂಡು ಮಾತ್ರ. ಎಲ್ಲಿಂದ ಎಲ್ಲಿಗೆ ಎಂದು ಬರೆಸಿಕೊಳ್ಳಿ.

ಇನ್ನು ಮೊದಲ ದಿನದ ವಿವರ. 'ರಾತ್ರಿ ಹೊರಟು ಬೆಳಿಗ್ಗೆ ಊಟಿ' ಎಂದು ಓದಲು ಚೆನ್ನಾಗಿರುತ್ತದೆ. ಆದರೆ ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟ ಟಿ.ಟಿ. ನಸುಕಿಗೆ ಮೊದಲೇ ಚೆಕ್‌ಪೋಸ್ಟ್ ತಲುಪಿ, ಗೇಟು ತೆರೆಯುವವರೆಗೆ ಅಲ್ಲೇ ನಿಲ್ಲಬೇಕು. ಮಕ್ಕಳು ಸೀಟಿನಲ್ಲೇ ತೂಕಡಿಸಬೇಕು. ಗೂಡಲೂರು ಘಾಟಿ ಹತ್ತಿ ಊಟಿ ಸೇರುವಾಗ ಒಂಬತ್ತು ಗಂಟೆ ದಾಟಿರುತ್ತದೆ. ಹೋಟೆಲಿನಲ್ಲಿ ಚೆಕ್-ಇನ್ ಮಧ್ಯಾಹ್ನ 12ಕ್ಕೆ. ನಡುವಿನ ಹೊತ್ತಿಗೆ ಮುಖ ತೊಳೆದು ಬಟ್ಟೆ ಬದಲಿಸಲು 'ಫ್ರೆಶ್-ಅಪ್ ರೂಮ್' ಕೊಡುತ್ತಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಹಲ್ಲುಜ್ಜದೆಯೇ ಬೊಟಾನಿಕಲ್ ಗಾರ್ಡನ್ ಸುತ್ತಬೇಕಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಹೊರಟು ಹಗಲಲ್ಲೇ ಕಾಡು ದಾಟುವ ಪ್ಯಾಕೇಜು ವಾಸಿ.

ಮೂರನೆಯದು ಇ-ಪಾಸ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇದು ಬೇಕೇ ಬೇಕು. 2025ರ ಬೇಸಿಗೆಯಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನೂ ಹಾಕಲಾಗಿತ್ತು. ಪಾಸು ಸಿಗುವುದು ವಾಹನದ ನಂಬರಿಗೆ. ಕೊನೆಯ ಗಳಿಗೆಯಲ್ಲಿ ಟ್ರಾವೆಲ್ಸ್‌ನವರು ಬೇರೆ ಗಾಡಿ ಕಳಿಸಿದರೆ ಹಳೆಯ ಪಾಸು ಕೆಲಸಕ್ಕೆ ಬರುವುದಿಲ್ಲ. ಹೊರಡುವ ಹಿಂದಿನ ದಿನ ಗಾಡಿಯ ನಂಬರ್ ಮತ್ತು ಪಾಸಿನ ಪ್ರತಿಯನ್ನು ಫೋನಿಗೆ ತರಿಸಿಕೊಳ್ಳಿ.

ಕೊನೆಗೆ ದುಡ್ಡಿನ ಲೆಕ್ಕ. 8,000 ಎಂಬುದು ಒಂದು ಕೋಣೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಒಬ್ಬರಿಗೆ ತಗಲುವ ದರ. ಗಂಡ ಹೆಂಡತಿಗೆ 16,000. ಹದಿಮೂರರ ಮಗನಿಗೆ ಹೆಚ್ಚುವರಿ ಹಾಸಿಗೆ ಬೇಕು, ಅದಕ್ಕೆ 7,000 ಎನ್ನುತ್ತಾರೆ ಎನ್ನಿ. ಆರು ವರ್ಷದ ಮಗಳಿಗೆ ಹಾಸಿಗೆ ಇಲ್ಲದೆ 4,500. ಒಟ್ಟು 27,500, ಶೇ 5ರ ಜಿಎಸ್‌ಟಿ ಸೇರಿದರೆ 28,875. ಇದರ ಮೇಲೆ ಉದ್ಯಾನ, ದೋಣಿ ವಿಹಾರದ ಟಿಕೆಟು ಮತ್ತು ಮಧ್ಯಾಹ್ನದ ಊಟ ನಿಮ್ಮದೇ ಖರ್ಚೇ ಎಂದು ಕೇಳಿಕೊಳ್ಳಿ.

ಮುಂಗಡ ಕೊಡುವ ಮೊದಲು ಎರಡು ವಿಷಯಗಳು ಬರವಣಿಗೆಯಲ್ಲಿರಲಿ. ನೀವು ರದ್ದು ಮಾಡಿದರೆ ಎಷ್ಟು ದಿನ ಮೊದಲು ತಿಳಿಸಿದರೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದು ಒಂದು. ಕನಿಷ್ಠ ಇಷ್ಟು ಜನ ಸೇರದಿದ್ದರೆ ಪ್ರವಾಸ ರದ್ದಾಗುತ್ತದೆಯೇ, ಆಗ ನಿಮ್ಮ ಹಣದ ಗತಿಯೇನು ಎಂಬುದು ಇನ್ನೊಂದು. ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಬರೆದುಕೊಡಲು ಹಿಂಜರಿಯುವ ಟ್ರಾವೆಲ್ಸ್‌ಗೆ, ದರ ಎಷ್ಟೇ ಕಡಿಮೆಯಿರಲಿ, ಮುಂಗಡ ಕೊಡಬೇಡಿ.