ಉಳಿದ ಡೈಪರಿನ ಲೆಕ್ಕ

ಡೈಪರ್ ಪ್ಯಾಕಿನ ಹಿಂಬದಿಯಲ್ಲಿ ಎಂಆರ್‌ಪಿ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ USP ಎಂದು ಇನ್ನೊಂದು ಬೆಲೆ ಇರುತ್ತದೆ. ಅದು ಒಂದು ಪೀಸಿನ ದರ. ಪ್ಯಾಕ್ ಮಾಡಿದ ಸಾಮಾನುಗಳ ನಿಯಮಕ್ಕೆ 2021ರಲ್ಲಿ ತಿದ್ದುಪಡಿ ಆದಮೇಲೆ ಇದನ್ನು ಅಚ್ಚು ಹಾಕತೊಡಗಿದರು. ಒಳ್ಳೆಯ ಕೆಲಸವೇ. ಆದರೆ ಅದು ಎಂಆರ್‌ಪಿಯನ್ನು ಪೀಸುಗಳಿಂದ ಭಾಗಿಸಿ ಬಂದ ಅಂಕಿ. ಡೈಪರನ್ನು ಎಂಆರ್‌ಪಿ ಕೊಟ್ಟು ಕೊಳ್ಳುವವರು ಕಡಿಮೆ. ಹಾಗಾಗಿ ನೀವು ನಿಜವಾಗಿ ಕೊಡುವ ದುಡ್ಡನ್ನು, ಡೆಲಿವರಿ ಚಾರ್ಜ್ ಇದ್ದರೆ ಅದನ್ನೂ ಸೇರಿಸಿ, ನೀವೇ ಭಾಗಿಸಬೇಕು. ‘ಶೇ 45 ರಿಯಾಯಿತಿ’ ಎಂಬ ಕೆಂಪು ಅಕ್ಷರ ಈ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಉದಾಹರಣೆಗೆ ಒಂದೇ ಕಂಪನಿಯ ಎಸ್ ಸೈಜಿನ ಮೂರು ಪ್ಯಾಕ್ ಇವೆ ಎಂದುಕೊಳ್ಳಿ. 9 ಪೀಸಿನದ್ದು 120 ರೂಪಾಯಿ, 76ರದ್ದು 899, ತಿಂಗಳ ಬಾಕ್ಸ್ ಎಂದು ಮಾರುವ 152ರದ್ದು 1,599. ಪೀಸಿಗೆ ಕ್ರಮವಾಗಿ 13.33, 11.83 ಮತ್ತು 10.52 ರೂಪಾಯಿ ಬೀಳುತ್ತದೆ. ಬಾಕ್ಸೇ ಅಗ್ಗ ಎಂದು ಯಾರಿಗಾದರೂ ಅನಿಸುತ್ತದೆ.

ಈಗ ಮಗುವನ್ನು ತೂಕಕ್ಕೆ ಹಾಕಿ. ನಾಲ್ಕು ತಿಂಗಳ ಕೂಸು, 6.8 ಕಿಲೋ. ನಮ್ಮ ಎಷ್ಟೋ ಮನೆಗಳಂತೆ ಹಗಲೆಲ್ಲ ಹತ್ತಿ ಬಟ್ಟೆಯ ಲಂಗೋಟಿ, ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಡೈಪರ್. ದಿನಕ್ಕೆ ಮೂರು ಸಾಕು. 152 ಪೀಸು ಮುಗಿಯಲು ಐವತ್ತು ದಿನ ಬೇಕು. ಈ ವಯಸ್ಸಿನಲ್ಲಿ ಮಗು ದಿನಕ್ಕೆ ಸುಮಾರು 20 ಗ್ರಾಂ ಏರುತ್ತದೆ. ಎಸ್ ಸೈಜಿನ ಮೇಲೆ ಸಾಮಾನ್ಯವಾಗಿ 4ರಿಂದ 8 ಕಿಲೋ, ಎಂ ಮೇಲೆ 7ರಿಂದ 12 ಎಂದು ಬರೆದಿರುತ್ತದೆ. ತೊಡೆ ತುಂಬಿಕೊಂಡ ಮಗುವಿಗೆ ಏಳೂವರೆ ಕಿಲೋಗೇ ಎಸ್ ಬಿಗಿಯಾಗಬಹುದು. ಬಿಚ್ಚಿದಾಗ ತೊಡೆಯ ಸಂದಿಯಲ್ಲಿ ಎಲಾಸ್ಟಿಕ್ಕಿನ ಕೆಂಪು ಗೆರೆ ಉಳಿಯುತ್ತದೆ, ಬೆಳಗಿನ ಹೊತ್ತಿಗೆ ಬೆನ್ನ ಕಡೆ ಜಬಲಾ ಒದ್ದೆಯಾಗಿರುತ್ತದೆ. ಅಂದರೆ ಮೂವತ್ತೈದು ದಿನಕ್ಕೇ ಸೈಜ್ ಬದಲಿಸಬೇಕಾಯಿತು. ಬಳಸಿದ್ದು 105, ಉಳಿದದ್ದು 47. 1,599ನ್ನು 105ರಿಂದ ಭಾಗಿಸಿದರೆ ಪೀಸಿಗೆ 15 ರೂಪಾಯಿ 23 ಪೈಸೆ. ಅಂಗಡಿಯಲ್ಲಿ ನೇತುಹಾಕಿದ ಒಂಬತ್ತರ ಪ್ಯಾಕಿಗಿಂತ ದುಬಾರಿ!

ಈ ಬಾಕ್ಸು ನಡುವಿನ ಪ್ಯಾಕಿನ ದರವನ್ನು ಮೀರಬಾರದು ಎಂದರೆ ಕನಿಷ್ಠ 136 ಪೀಸು ಬಳಕೆಯಾಗಬೇಕು. ಹದಿನೇಳನೆಯ ಪೀಸು ಉಳಿಯಿತು ಎಂದರೆ ಲಾಭ ಕರಗಿತು. ಆದ್ದರಿಂದ ಮೊದಲ ಆರು ತಿಂಗಳು ನಡುವಿನ ಪ್ಯಾಕೇ ಲೇಸು ಎನ್ನುತ್ತೇನೆ. ಪರಿಚಯದ ಮೆಡಿಕಲ್ ಶಾಪಿನವರು ಒಡೆಯದ ಪ್ಯಾಕನ್ನು ಮುಂದಿನ ಸೈಜಿಗೆ ಬದಲಿಸಿ ಕೊಡುವುದೂ ಉಂಟು. ಒಡೆದ ದೊಡ್ಡ ಬಾಕ್ಸಿಗೆ ಆ ದಾರಿ ಇಲ್ಲ. ವರ್ಷ ಸಮೀಪಿಸುವಾಗ ತೂಕ ಏರುವ ವೇಗ ತಗ್ಗುತ್ತದೆ, ಸೈಜುಗಳ ಅಂತರವೂ ಹಿಗ್ಗುತ್ತದೆ. ಬಾಕ್ಸ್ ತರಿಸುವ ಕಾಲ ಅದು.

ತಿಂಗಳ ಚಂದಾ, ಅಂದರೆ ಸಬ್‌ಸ್ಕ್ರಿಪ್ಷನ್, ಇಲ್ಲಿ ಒಂದು ಒಳದಾರಿ ತೋರಿಸುತ್ತದೆ. 76ರ ಪ್ಯಾಕಿಗೆ ಶೇ 10 ಬಿಟ್ಟರೆ ಪೀಸಿಗೆ 10.65 ಆಯಿತು, ಬಾಕ್ಸಿನ ದರಕ್ಕೆ ಹದಿಮೂರು ಪೈಸೆಯಷ್ಟೇ ಹೆಚ್ಚು. ಆದರೆ ಎರಡು ವಿಷಯ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಇಂಥ ಯೋಜನೆಗಳಲ್ಲಿ ನಿಗದಿಯಾಗುವುದು ರಿಯಾಯಿತಿಯ ಪ್ರಮಾಣವೇ ಹೊರತು ಬೆಲೆಯಲ್ಲ. ಈ ತಿಂಗಳು 899 ಇದ್ದದ್ದು ಮುಂದಿನ ತಿಂಗಳು 1,020 ಆದರೆ ಶೇ 10 ಕಳೆದರೂ 918. ಮೊದಲ ಆರ್ಡರಿಗೆ ಮಾತ್ರ ಸಿಗುವ ಕೂಪನ್ನನ್ನು ಎಲ್ಲ ತಿಂಗಳಿಗೂ ಹಂಚಿ ಲೆಕ್ಕ ಹಾಕಬೇಡಿ. ಇನ್ನೊಂದು, ಸೈಜು. ಮಗು ಬೆಳೆದದ್ದು ಆ ಆರ್ಡರಿಗೆ ಗೊತ್ತಿಲ್ಲ. ಹಳೆಯ ಎಸ್ ಸೈಜನ್ನೇ ತಂದು ಬಾಗಿಲಿಗೆ ಇಟ್ಟು ಹೋಗುತ್ತದೆ. ಮುಂದಿನ ಡೆಲಿವರಿ ಬರುತ್ತಿದೆ ಎಂಬ ಸಂದೇಶ ಬಂದ ದಿನವೇ ಬೆಲೆ, ಸೈಜು ಎರಡನ್ನೂ ನೋಡಿ, ಬೇಡವಾದರೆ ಆ ಸಲದ್ದನ್ನು ಬಿಟ್ಟುಬಿಡಿ.

ಬೇರೆ ಬೇರೆ ಕಂಪನಿಗಳನ್ನು ತೂಗುವಾಗ ಪೀಸಿನ ದರವೂ ಸಾಲದು, ದಿನದ ದರ ಬೇಕು. 13 ರೂಪಾಯಿಯದ್ದು ದಿನಕ್ಕೆ ನಾಲ್ಕು ಸಾಕಾದರೆ 52. ಸೋರುವ ಹತ್ತೂವರೆಯದ್ದು ಆರು ಬೇಕಾದರೆ 63, ಹಾಸಿಗೆ ಒಗೆಯುವ ಕೆಲಸ ಬೇರೆ.

ಜೊತೆಗೆ ‘ಫ್ರೀ’ ಬರುವ ವೈಪ್ಸ್ ನಿಮಗೆ ಹೇಗೂ ಬೇಕಿದ್ದರೆ ಮಾತ್ರ ಅದರ ಬೆಲೆ ಕಳೆಯಿರಿ. ಬಿಡಿಯಾಗಿ ಕೊಳ್ಳುವಾಗ ಹಾಳೆಯ ದರ ನೋಡಿ, ಆದರೆ ತೀರಾ ತೆಳ್ಳಗಿನದ್ದಾದರೆ ಒಂದರ ಜಾಗಕ್ಕೆ ಎರಡು ಎಳೆಯುತ್ತೀರಿ. ಫಾರ್ಮುಲಾ ಹಾಲಿನ ಪುಡಿಗೆ ಮಾತ್ರ ಕೂಪನ್ನು ಹುಡುಕುತ್ತಾ ಕೂರಬೇಡಿ. ಎದೆಹಾಲಿನ ಜಾಗಕ್ಕೆ ಅದು ನುಗ್ಗದಿರಲೆಂದು 1992ರ ಕಾಯ್ದೆ ಅದರ ಜಾಹೀರಾತನ್ನೂ ಮಾರಾಟ ಹೆಚ್ಚಿಸುವ ಆಮಿಷಗಳನ್ನೂ ನಿಷೇಧಿಸಿದೆ. ವೈದ್ಯರು ಬರೆದುಕೊಟ್ಟಿದ್ದರೆ ಡಬ್ಬಿಯದ್ದಕ್ಕೂ ರೀಫಿಲ್ ಪ್ಯಾಕಿನದ್ದಕ್ಕೂ ನೂರು ಗ್ರಾಮಿಗೆ ಎಷ್ಟು ಬೀಳುತ್ತದೆ ಎಂದು ನೋಡಿ ಕೊಂಡರಾಯಿತು.