ಮನೆಯ ಹಾಡು, ತೇಲಿ ಬರುವ ಹಾಡು: ದನಿ ಸಮ ಮಾಡುವ ಬಗೆ

ಬಾನುಲಿ ನಿಲಯದಲ್ಲಿ ವಾರ್ತೆಯಾದ ಮೇಲೆ ನಾಗಸ್ವರ ಬಂದರೂ ನಾವು ಎದ್ದುಹೋಗಿ ಗುಂಡಿ ತಿರುಗಿಸಬೇಕಾಗುವುದಿಲ್ಲ. ಅಲ್ಲಿ ದನಿಯ ಮಟ್ಟವನ್ನು ಹಿಡಿದು ನಡೆಸುವವರಿದ್ದಾರೆ. ಆದರೆ ನಮ್ಮ ಗಣಕಯಂತ್ರದಲ್ಲಿ ನಾವೇ ಕೂಡಿಟ್ಟ ಹಾಡುಗಳನ್ನೂ ಅಂತರಜಾಲದಿಂದ ಹರಿದು ಬರುವ ಹಾಡುಗಳನ್ನೂ ಒಂದಾದ ಮೇಲೊಂದರಂತೆ ಕೇಳಹೊರಟರೆ, ಒಂದು ಪಿಸುಗುಟ್ಟುತ್ತದೆ, ಮತ್ತೊಂದು ಅಬ್ಬರಿಸುತ್ತದೆ.

ನನ್ನ ತಾಯಿಯವರು ಹಾಡಿದ ದೇವರನಾಮಗಳ ಕ್ಯಾಸೆಟ್ಟೊಂದು ನಮ್ಮ ಮನೆಯಲ್ಲಿತ್ತು. ಅದನ್ನು ಕಡತಕ್ಕೆ ಇಳಿಸಿದಾಗ ದನಿ ಮೆಲುವೆನಿಸಿ, ಕಡತವನ್ನೇ ತಿದ್ದಿ ಗಟ್ಟಿ ಮಾಡಿದೆ. ಮೇಲುಸ್ಥಾಯಿಯಲ್ಲಿ ದನಿ ಒಡೆದು ಕರಕರ ಎಂದಿತು. ಹಳೆಯದರ ಮೇಲೆಯೇ ಉಳಿಸಿದ್ದರಿಂದ ಹಿಂದಿರುಗಲು ದಾರಿಯಿರಲಿಲ್ಲ. ಪುಣ್ಯಕ್ಕೆ ಕ್ಯಾಸೆಟ್ಟಿನ್ನೂ ಉಳಿದಿತ್ತು.

ಇಂಥ ಅನಾಹುತವಿಲ್ಲದೆ ಕೆಲಸ ಮಾಡುವ ವಿಧಾನಕ್ಕೆ ರಿಪ್ಲೇ ಗೇನ್ ಎಂದು ಹೆಸರು. 2001ರಲ್ಲಿ ಡೇವಿಡ್ ರಾಬಿನ್ಸನ್ ಎಂಬವರು ಇದನ್ನು ಸೂಚಿಸಿದರು. ಹಾಡನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ತೂಗಿ, ಅದು ಕಿವಿಗೆ ಎಷ್ಟು ಗಟ್ಟಿಯೆನಿಸುತ್ತದೆಂಬುದನ್ನು ಕಂಡುಕೊಂಡು, ಗೊತ್ತಾದ ಮಟ್ಟಕ್ಕೆ ತರಲು ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬ ಅಂಕಿಯನ್ನು ಕಡತದ ಚೀಟಿಯಲ್ಲಿ, ಅಂದರೆ ಟ್ಯಾಗಿನಲ್ಲಿ, ಬರೆದಿಡುವುದು. (ದನಿಯ 'ಎತ್ತರ' ಎಂದರೆ ಸ್ಥಾಯಿಯೆಂದೂ ಅರ್ಥವಾಗುವುದರಿಂದ ನಾನು ಬೇಕೆಂದೇ 'ಗಟ್ಟಿತನ' ಎನ್ನುತ್ತಿದ್ದೇನೆ.) ಈಗ ತೂಗುವ ಅಳತೆ ಎಲ್‌ಯುಎಫ್‌ಎಸ್, ಅದರ ಒಂದು ಮೆಟ್ಟಿಲು ಒಂದು ಡೆಸಿಬೆಲ್. ಗೊತ್ತಾದ ಮಟ್ಟ −18. ಒಂದು ಚೀಟಿ ಹೀಗಿರುತ್ತದೆ:

```
REPLAYGAIN_TRACK_GAIN=-10.00 dB
```

ಈ ಅಂಕಿ ಯಾವಾಗ ಕೆಲಸ ಮಾಡುತ್ತದೆಂಬುದನ್ನು ಬಹುಮಂದಿ ತಪ್ಪಾಗಿ ತಿಳಿದಿದ್ದಾರೆ. ಚೀಟಿ ಬರೆದಾಗ ಹಾಡಿಗೆ ಏನೂ ಆಗುವುದಿಲ್ಲ. ನುಡಿಸುವ ತಂತ್ರಾಂಶವು ಪ್ರತಿಸಲ ಹಾಡನ್ನು ಬಿಚ್ಚುವಾಗ ಅಂಕಿಯನ್ನು ನೋಡಿ, ದನಿಯನ್ನು ಅಷ್ಟು ಏರಿಸಿ ಅಥವಾ ಇಳಿಸಿ, ಆಮೇಲೆ ಮುಂದಕ್ಕೆ ಕಳಿಸುತ್ತದೆ. ಚೀಟಿ ಅಳಿಸಿದರೆ ಹಾಡು ಮೊದಲಿನಂತೆಯೇ. ತಂತ್ರಾಂಶಕ್ಕೆ ಚೀಟಿ ಓದುವ ಅಭ್ಯಾಸವಿಲ್ಲದಿದ್ದರೆ, ಅಥವಾ ಆ ಸೌಕರ್ಯವನ್ನು ನಾವು ಚಾಲೂ ಮಾಡದಿದ್ದರೆ, ಬರೆದದ್ದು ವ್ಯರ್ಥ. ಕೆಲವು ತಂತ್ರಾಂಶಗಳು ಸಂಗ್ರಹವನ್ನೆಲ್ಲ ಒಮ್ಮೆ ಓದಿ ತಮ್ಮ ಸೂಚಿಯಲ್ಲಿ ಬರೆದುಕೊಂಡುಬಿಡುತ್ತವೆ. ಅಂಥವುಗಳಲ್ಲಿ ಚೀಟಿ ಬರೆದ ಮೇಲೆ ಸಂಗ್ರಹವನ್ನು ಪುನಃ ಓದಿಸದಿದ್ದರೆ ಹಳೆಯ ಮಟ್ಟವೇ ನಡೆಯುತ್ತಿರುತ್ತದೆ.

ಚೀಟಿಗಳನ್ನು ಬರೆಯಲು ನಾನು ಬಳಸುವುದು ಈ ಒಂದು ಆಜ್ಞೆ. ಹಾಡುಗಳಿರುವ ಕಪಾಟಿನ ಹೆಸರು ಕೊನೆಯಲ್ಲಿ ಬರುತ್ತದೆ:

```
rsgain easy ~/Music
```

ಈಗ ಲೆಕ್ಕಕ್ಕೆ ಬರೋಣ. ತಾಯಿಯವರ ಹಾಡು −24ರಲ್ಲಿತ್ತು. ಇತ್ತೀಚಿನ ಚಿತ್ರಗೀತೆಯೊಂದು −8. ನಡುವೆ 16 ಡೆಸಿಬೆಲ್‌ಗಳ ಕಂದರ! ಮೊದಲನೆಯದಕ್ಕೆ +6, ಎರಡನೆಯದಕ್ಕೆ −10 ಎಂದು ಚೀಟಿ ಬಿತ್ತು. ಎರಡೂ −18ಕ್ಕೆ ಬಂದು ನಿಂತವು. ಆದರೆ ಅದರ ಬೆನ್ನಿಗೇ ಸ್ಪಾಟಿಫೈಯಿಂದ ಹಾಡು ಹಾಕಿದರೆ ಅದು ಮತ್ತೂ ಗಟ್ಟಿಯಾಗಿ ಕೇಳಿಸಿತು. ದೋಷ ಯಾರದೂ ಅಲ್ಲ. ಆ ಸಂಸ್ಥೆ ತನ್ನ ಹಾಡುಗಳನ್ನು ತಾನೇ ತೂಗಿ ಸಾಮಾನ್ಯವಾಗಿ −14ಕ್ಕೆ ತರುತ್ತದೆ. ನಮ್ಮ ಸೇರು ಬೇರೆ, ಅವರ ಸೇರು ಬೇರೆ. ಉಳಿದದ್ದು 4 ಡೆಸಿಬೆಲ್ ಅಂತರ.

ನಮ್ಮ ತಂತ್ರಾಂಶದಲ್ಲಿ ಎಲ್ಲ ಚೀಟಿಗಳ ಮೇಲೂ +4 ಕೂಡಿಸುವ ಸೌಕರ್ಯವಿತ್ತು. ಚಿತ್ರಗೀತೆಗೆ ತೊಂದರೆಯಿಲ್ಲ: −10ರ ಬದಲು −6 ಆಯಿತು. ತಾಯಿಯವರ ಹಾಡಿಗೆ ಮಾತ್ರ +10 ಬೇಕಾಯಿತು. ಅದರ ಅತಿ ಜೋರಾದ ಕ್ಷಣ ಯಂತ್ರದ ಮೇಲ್ಮಿತಿಗಿಂತ 8 ಡೆಸಿಬೆಲ್ ಮಾತ್ರ ಕೆಳಗಿತ್ತು. ಹತ್ತು ಏರಿಸಿದರೆ ಎರಡು ಹೊರಚೆಲ್ಲುತ್ತದೆ. ಅದೇ ಕರಕರ ಮತ್ತೆ ಬರುತ್ತದೆ. ತಂತ್ರಾಂಶದಲ್ಲಿ ಒಡಕು ತಡೆಯುವ ಗುಂಡಿ ಚಾಲೂ ಇದ್ದರೆ ಅದು +8ಕ್ಕೇ ನಿಲ್ಲುತ್ತದೆ, ಹಾಡು ಕೊಂಚ ಮೆಲುವಾಗಿಯೇ ಉಳಿಯುತ್ತದೆ.

ಆದ್ದರಿಂದ ನಾನು ತಿರುವುಮುರುವು ಮಾಡಿದೆ. ನಮ್ಮದನ್ನು ಏರಿಸುವ ಬದಲು ಅವರದನ್ನು ಇಳಿಸುವುದು. ಸ್ಪಾಟಿಫೈಯ ಚಂದಾದಾರರಿಗೆ ದನಿಯ ಮಟ್ಟದಲ್ಲಿ Quiet ಎಂಬ ಆಯ್ಕೆಯಿದೆ. ಅದರ ಮಟ್ಟ −19. ನಮ್ಮ −18ಕ್ಕೂ ಅದಕ್ಕೂ ಒಂದೇ ಡೆಸಿಬೆಲ್ ವ್ಯತ್ಯಾಸ, ಹಾಡು ಬದಲಾಗುವಾಗ ಅದು ಗೊತ್ತಾಗುವುದೇ ಕಷ್ಟ. ಒಟ್ಟು ದನಿ ತಗ್ಗಿತೆನಿಸಿದರೆ ಸ್ಪೀಕರಿನ ಗುಂಡಿಯನ್ನು ಒಮ್ಮೆ ಏರಿಸಿ ಬಿಟ್ಟುಬಿಟ್ಟರಾಯಿತು.

ಕಚೇರಿಗಳನ್ನು ಕೇಳುವವರಿಗೆ ಇನ್ನೊಂದು ಮಾತು. ಹಾಡುಹಾಡಿಗೂ ಬೇರೆ ಬೇರೆ ಅಂಕಿ ಬಳಸಿದರೆ, ಮೆಲ್ಲನೆಯ ಆಲಾಪನೆಯೂ ತನಿ ಆವರ್ತನವೂ ಒಂದೇ ಗಟ್ಟಿತನಕ್ಕೆ ಬಂದು ರಸಭಂಗವಾಗುತ್ತದೆ. ಇದಕ್ಕೆಂದೇ ಚೀಟಿಯಲ್ಲಿ REPLAYGAIN_ALBUM_GAIN ಎಂಬ ಎರಡನೆಯ ಅಂಕಿಯುಂಟು. ಅದು ಇಡೀ ಕಚೇರಿಗೆ ಒಂದೇ. ಕಚೇರಿಯನ್ನು ಕ್ರಮವಾಗಿ ಕೇಳುವಾಗ ತಂತ್ರಾಂಶವು ಈ ಅಂಕಿಯನ್ನು ಬಳಸುವಂತೆ ಹೊಂದಿಸಬೇಕು. ಬೆರಕೆ ಹಾಡುಗಳಿಗೆ ಮೊದಲನೆಯದು. ನನ್ನ ತಂತ್ರಾಂಶ ಇದನ್ನು ತಾನಾಗಿ ಬದಲಿಸುವುದಿಲ್ಲ. ಶನಿವಾರ ರಾತ್ರಿ ಕಚೇರಿ ಹಾಕುವ ಮೊದಲು ನಾನೇ ಬದಲಿಸುತ್ತೇನೆ, ಭಾನುವಾರ ಬೆಳಿಗ್ಗೆ ಮರಳಿಸಲು ಮರೆಯುತ್ತೇನೆ.