ಅವರೆಬೇಳೆಯ ಒಂದು ತಟ್ಟೆಯ ಅಸಲು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮಾರ್ಗಶಿರ ಶುದ್ಧ ಷಷ್ಠಿಯಂದು ಸುಬ್ರಹ್ಮಣ್ಯಸ್ವಾಮಿಯ ರಥೋತ್ಸವವಾಗುವ ಕಾಲಕ್ಕೆ ಸರಿಯಾಗಿ ನಮ್ಮ ಕಡೆಯಲ್ಲಿ ಅವರೆಯ ಸುಗ್ಗಿಯೂ ಮೊದಲಾಗುತ್ತದೆ. ಕಾವೇರಿಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಹಸಿದು ಬಂದವರಿಗೆ ಬಿಸಿಯಾದ ಅಕ್ಕಿರೊಟ್ಟಿಯೂ ಹಿತಕಿದ ಅವರೆಬೇಳೆಯ ಸಾರೂ ದೊರೆತರೆ ಬೇರೇನು ಬೇಕು? ಇಂತಹ ಜಾತ್ರೆಯಲ್ಲಿ ಒಂದು ಸಣ್ಣ ಊಟದಂಗಡಿಯನ್ನು ಹೂಡುವ ಸಂಸಾರಕ್ಕೆ ಬೇರೊಂದು ಪ್ರಶ್ನೆ ಉಂಟು. ಒಂದು ತಟ್ಟೆಗೆ ತಗಲುವ ಅಸಲು ಎಷ್ಟು? ಸಂಜೆಯ ವೇಳೆಗೆ ಪೆಟ್ಟಿಗೆಯಲ್ಲಿ ಹಣ ತುಂಬಿದ್ದ ಮಾತ್ರಕ್ಕೆ ಲಾಭವಾಯಿತೆಂದು ಹೇಳಲಾಗದು. ತಟ್ಟೆಯೊಂದಕ್ಕೆ ಎರಡು ರೂಪಾಯಿ ನಷ್ಟವಾಗುತ್ತಿದ್ದರೆ, ಹೆಚ್ಚು ಮಾರಿದಷ್ಟೂ ನಷ್ಟವು ಹೆಚ್ಚುವುದು.

ಈ ಲೆಕ್ಕವನ್ನು ವಾಚಕರ ಮುಂದೆ ಬಿಡಿಸಿಡಬಯಸುತ್ತೇವೆ. ದರಗಳೂ ತೂಕಗಳೂ ಕ್ರಮವನ್ನು ತೋರಿಸಲು ನಾವು ಹಿಡಿದುಕೊಂಡವು; ಅವುಗಳ ಸ್ಥಾನದಲ್ಲಿ ತಮ್ಮ ಸಂತೆಯ ದರವನ್ನೂ ತಮ್ಮ ತಕ್ಕಡಿಯ ತೂಕವನ್ನೂ ಇಟ್ಟುಕೊಳ್ಳತಕ್ಕದ್ದು.

ಕಾಯಿಯಿಂದ ಬೇಳೆಗೆ

ಕಿಲೋಗೆ 60 ರೂಪಾಯಿಯಂತೆ 10 ಕಿಲೋ ಅವರೆಕಾಯಿಯನ್ನು ಕೊಂಡೆವೆನ್ನೋಣ. ಕೊಟ್ಟ ಹಣ 600 ರೂಪಾಯಿ. ಸುಲಿದಾಗ 4 ಕಿಲೋ 200 ಗ್ರಾಂ ಕಾಳು ದೊರೆಯಿತು. ಉಳಿದುದು ಸಿಪ್ಪೆ, ಹಸುವಿನ ಪಾಲು. ಕಾಳಿನಲ್ಲಿ ಹುಳುಕಾದುದನ್ನೂ ಬಲಿಯದ ಎಳೆಯದನ್ನೂ ಆರಿಸಿ ತೆಗೆದರೆ ಒಳ್ಳೆಯ ಕಾಳು 4 ಕಿಲೋ. ಇದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಬೆಳಗ್ಗೆ ತಕ್ಕಡಿಯು 4 ಕಿಲೋ 600 ಗ್ರಾಂ ತೋರಿಸುತ್ತದೆ. ಹಿತಕಿ, ಮೇಲಿನ ಸಿಪ್ಪೆಯನ್ನು ಕಳೆದು, ನೀರು ಬಸಿದ ಬಳಿಕ ಕೈಗೆ ಬಂದ ಬೇಳೆ 3 ಕಿಲೋ 200 ಗ್ರಾಂ.

ಇಲ್ಲಿ ಎರಡು ಕಡೆ ಎಡವುವುದುಂಟು. ನೆನೆದ ಕಾಳಿನ ತೂಕವನ್ನೇ ಹಿಡಿದು 600ನ್ನು 4.6ರಿಂದ ಭಾಗಿಸಿದರೆ ಕಿಲೋ ಬೇಳೆ 130 ರೂಪಾಯಿಗೆ ಸಿಕ್ಕಂತೆ ಕಾಣುತ್ತದೆ. ಆದರೆ ಅದರಲ್ಲಿ ಹೆಚ್ಚಿದುದು ನೀರು. ತೆಗೆಯಬೇಕಾದ ಸಿಪ್ಪೆಯೂ ಇನ್ನೂ ಒಳಗೇ ಇದೆ. ಎರಡನೆಯದು ಇದಕ್ಕಿಂತ ಸಾಮಾನ್ಯವಾದುದು. ನೂರಕ್ಕೆ 68 ಪಾಲು ಕಳೆಯಿತೆಂದು, 60ಕ್ಕೆ ಅದರ ನೂರಕ್ಕೆ 68ನ್ನು ಸೇರಿಸಿ, ಸುಮಾರು 101 ರೂಪಾಯಿ ಎಂದು ತೀರ್ಮಾನಿಸುವರು. ಇದೂ ತಪ್ಪು. ಕೊಟ್ಟ 600 ರೂಪಾಯಿಯೆಲ್ಲವನ್ನೂ ಉಳಿದ 3.2 ಕಿಲೋ ಬೇಳೆಯೇ ಹೊರಬೇಕು. ಆದುದರಿಂದ ಕೂಡಿಸುವುದಲ್ಲ, ಭಾಗಿಸುವುದು: 600ನ್ನು 3.2ರಿಂದ ಭಾಗಿಸಿದರೆ 187 ರೂಪಾಯಿ 50 ಪೈಸೆ. ಇದೇ ಒಂದು ಕಿಲೋ ಬೇಳೆಯ ನಿಜವಾದ ದರ. 101 ಎಂದು ನಂಬಿದವನು ಕಿಲೋ ಒಂದಕ್ಕೆ 86 ರೂಪಾಯಿಗಳನ್ನು ಲೆಕ್ಕದಿಂದ ಹೊರಗೆ ಬಿಟ್ಟಂತಾಯಿತು.

ಕೈದುಡಿಮೆಯನ್ನೂ ಮರೆಯಲಾಗದು. ಸುಲಿಯುವ, ಹಿತಕುವ ಕೆಲಸವನ್ನು ಮನೆಯ ಹೆಂಗಸರೇ ರಾತ್ರಿ ಕುಳಿತು ಮಾಡುವರೆಂದು ಅದಕ್ಕೆ ಬೆಲೆಯನ್ನೇ ಕಟ್ಟದಿರುವುದು ರೂಢಿ. ಆ ಕೆಲಸಕ್ಕೆ ಆಳುಗಳನ್ನು ಕರೆದರೆ 480 ರೂಪಾಯಿ ಕೂಲಿಯಾಗುವುದಾದರೆ, ಕಿಲೋ ಬೇಳೆಯ ಮೇಲೆ 150 ರೂಪಾಯಿ ಬೀಳುತ್ತದೆ. ಬೇಳೆಯ ಪೂರ್ಣ ಅಸಲು 337 ರೂಪಾಯಿ 50 ಪೈಸೆ. ಪೇಟೆಯಲ್ಲಿ ಹಿತಕಿದ ಬೇಳೆಯೇ 320ಕ್ಕೆ ದೊರೆತರೆ ಅದನ್ನು ಕೊಳ್ಳುವುದೇ ಲೇಸೆಂದು ಆಗ ತಿಳಿಯುತ್ತದೆ. ಕೂಲಿಯನ್ನು ಕಟ್ಟದವರಿಗೆ ಈ 320 ದುಬಾರಿಯಾಗಿಯೇ ಕಾಣುವುದು.

ಪಾತ್ರೆಯಿಂದ ತಟ್ಟೆಗೆ

ಒಂದು ಕಿಲೋ ಬೇಳೆಗೆ ತೆಂಗಿನಕಾಯಿ, ಈರುಳ್ಳಿ, ಮಸಾಲೆ, ಎಣ್ಣೆ ಎಲ್ಲವೂ ಸೇರಿ 112 ರೂಪಾಯಿ 50 ಪೈಸೆ ಖರ್ಚಾಗಲಿ. ಮನೆಯಲ್ಲಿಯೇ ಹಿತಕಿದ ಬೇಳೆಯ ಅಸಲನ್ನು ಕೂಡಿದರೆ ಪಾತ್ರೆಯ ಅಸಲು 450 ರೂಪಾಯಿ. ಕುದಿದು ಇಳಿಸಿದ ಮೇಲೆ ಸಾರು 4 ಲೀಟರು. ಸೌಟು 200 ಮಿಲಿಲೀಟರಿನದಾದರೆ ಕಾಗದದ ಮೇಲೆ 20 ತಟ್ಟೆ. ಆದರೆ ತಳದಲ್ಲಿ ಅಂಟಿ ಉಳಿಯುವುದು, ಸೌಟಿನ ಅಂಚನ್ನು ಮೀರಿ ಬೀಳುವುದು ಇವುಗಳಿಂದ ನಿಜವಾಗಿ ಬಡಿಸಿದುದು 18 ತಟ್ಟೆ. ಆದ್ದರಿಂದ 450ನ್ನು 18ರಿಂದಲೇ ಭಾಗಿಸಬೇಕು: ಸಾರಿಗೆ 25 ರೂಪಾಯಿ. ಎರಡು ಅಕ್ಕಿರೊಟ್ಟಿಗೆ 10 ರೂಪಾಯಿ ಸೇರಿಸಿದರೆ ತಟ್ಟೆಯ ಅಸಲು 35 ರೂಪಾಯಿ. ಸೌದೆ, ಎಲೆ, ಅಂಗಡಿಯ ಜಾಗದ ಬಾಡಿಗೆ, ಬಡಿಸುವವರ ಸಂಬಳ, ಲಾಭ ಇವೆಲ್ಲವೂ ಇದರ ಮೇಲಿನವು.

ಈ 18 ಎಂಬ ಸಂಖ್ಯೆ ನಿಜವೇ ಎಂಬುದನ್ನು ದಿನದ ಕೊನೆಯಲ್ಲಿ ಪರೀಕ್ಷಿಸಬಹುದು. 5 ಕಿಲೋ ಬೇಳೆ ಖರ್ಚಾಗಿದ್ದರೆ 90 ತಟ್ಟೆ ಮಾರಾಟವಾಗಿರಬೇಕು. ಹಣದ ಪೆಟ್ಟಿಗೆಯು 80 ತಟ್ಟೆಯನ್ನೇ ಹೇಳಿದರೆ, ಬಡಿಸುವ ಕೈಯು ಧಾರಾಳವಾಗಿದೆ, ಅಥವಾ ಸಾರು ಮಿಕ್ಕಿದೆ, ಇಲ್ಲವೆ ಹಣ ಕೊಡದೆ ಉಂಡವರಿದ್ದಾರೆ. ಯಾವುದೆಂಬುದನ್ನು ಪಾತ್ರೆಯನ್ನೂ ಸೌಟನ್ನೂ ನೋಡಿ ಅರಿಯಬಹುದು.

ದರ ಏರಿದಾಗ

ಜಾತ್ರೆಯ ನಡುವೆ ಕಾಯಿಯ ದರವು 60ರಿಂದ 90ಕ್ಕೆ ಏರಿತೆನ್ನೋಣ. ಒಂದೂವರೆಯಷ್ಟಾಯಿತೆಂದು ತಟ್ಟೆಯ ಬೆಲೆಯನ್ನೂ ಒಂದೂವರೆಯಷ್ಟು ಮಾಡಿದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುವರು. ಹಾಗೆ ಮಾಡಬೇಕಾದುದೂ ಇಲ್ಲ. ಕಾಯಿಯ ದರದಲ್ಲಿ 10 ರೂಪಾಯಿ ಹೆಚ್ಚಿದರೆ ಕಿಲೋ ಬೇಳೆಗೆ 31 ರೂಪಾಯಿ 25 ಪೈಸೆ ಹೆಚ್ಚುವುದು. ಅದನ್ನು 18 ತಟ್ಟೆಗೆ ಹಂಚಿದರೆ ತಟ್ಟೆಗೆ ಸುಮಾರು ಒಂದೂ ಮುಕ್ಕಾಲು ರೂಪಾಯಿ. ಈ ಒಂದೇ ಸಂಖ್ಯೆಯನ್ನು ಒಲೆಯ ಬಳಿಯ ಗೋಡೆಯ ಮೇಲೆ ಬರೆದಿಟ್ಟರೆ ಪ್ರತಿದಿನದ ಲೆಕ್ಕಕ್ಕೆ ಸಾಕು. 30 ರೂಪಾಯಿಯ ಏರಿಕೆಗೆ ತಟ್ಟೆಯ ಮೇಲೆ ಬೀಳುವುದು 5 ರೂಪಾಯಿ 20 ಪೈಸೆ.

ದರಕ್ಕಿಂತಲೂ ಮೋಸಗೊಳಿಸುವುದು ಜೊಳ್ಳು ಕಾಯಿ. ಅದೇ 60 ರೂಪಾಯಿಯ ದರ. ಆದರೆ 10 ಕಿಲೋಗೆ ಬೇಳೆ 3.2ರ ಬದಲು 2.4 ಕಿಲೋ ಮಾತ್ರ ಬಂತು. ಆಗ ಬೇಳೆಯ ದರ 187.50ರಿಂದ 250ಕ್ಕೆ ಹೋಗುತ್ತದೆ. ಸುಲಿಯುವ ಕೂಲಿಯು ಅಷ್ಟೇ ಇದ್ದು ಬೇಳೆ ಕಡಿಮೆಯಾದುದರಿಂದ, ಕಿಲೋಗೆ ಕೂಲಿಯೂ 150ರಿಂದ 200 ಆಗುತ್ತದೆ. ಎರಡೂ ಸೇರಿ ತಟ್ಟೆಗೆ 6 ರೂಪಾಯಿ 25 ಪೈಸೆ ಹೆಚ್ಚು. ದರದಲ್ಲಿ 30 ರೂಪಾಯಿ ಏರಿದುದಕ್ಕಿಂತ ಇದು ಭಾರವಾದ ಏಟು. ಆದರೆ ಕೊಂಡ ಚೀಟಿಯಲ್ಲಿ ಇದರ ಸುಳಿವೇ ಇಲ್ಲ.

ಇದಕ್ಕೆ ಉಪಾಯವು ಸಂತೆಯಲ್ಲಿಯೇ ಇದೆ. ಮೂಟೆಗೆ ಬೆಲೆ ಕಟ್ಟುವ ಮುನ್ನ ಒಂದು ಕಿಲೋ ಕಾಯಿಯನ್ನು ಮೂಟೆಯ ಮೇಲಿನಿಂದ ಮಾತ್ರವಲ್ಲದೆ ನಡುವಿನಿಂದಲೂ ತೆಗೆದು, ಅಲ್ಲಿಯೇ ಸುಲಿದು, ಆರಿಸಿದ ಕಾಳನ್ನು ತೂಗಬೇಕು. 400 ಗ್ರಾಂ ಬಂದರೆ ನಮ್ಮ ಲೆಕ್ಕ ನಿಲ್ಲುತ್ತದೆ. 300 ಗ್ರಾಂ ಬಂದರೆ, ಕಾಯಿಗೆ 45 ರೂಪಾಯಿಗಿಂತ ಹೆಚ್ಚು ಕೊಡುವುದು ತರವಲ್ಲ. ಸುಲಿಯುವ ಶ್ರಮವನ್ನು ಎಣಿಸಿದರೆ ಅದಕ್ಕಿಂತಲೂ ಕಡಿಮೆಗೇ ಕೇಳಬೇಕು. ಕಾಯಿಯ ಮೇಲೆ ಸಣ್ಣ ತೂತುಗಳಿದ್ದರೆ ಒಳಗೆ ಹುಳು ಹೊಕ್ಕಿದೆಯೆಂದೂ, ಚಪ್ಪಟೆಯಾಗಿದ್ದರೆ ಕಾಳು ತುಂಬಿಲ್ಲವೆಂದೂ ತಿಳಿಯಬೇಕು.

ಅಸಲು ಏರಿದಾಗ ಬೆಲೆಯನ್ನು ಏರಿಸಲು ಅಂಜಿ, ಬೇಳೆಯನ್ನು ಕಡಿಮೆ ಮಾಡಿ ನೀರನ್ನು ಹೆಚ್ಚಿಸುವವರೂ ಉಂಟು. ಈ ಪಾತ್ರೆಯಲ್ಲಿ ತಟ್ಟೆಯೊಂದಕ್ಕೆ ಸಲ್ಲುವ ಬೇಳೆ ಸುಮಾರು 55 ಗ್ರಾಂ. ಅದು 40ಕ್ಕೆ ಇಳಿದರೆ ಉಣ್ಣುವವನಿಗೆ ತಕ್ಕಡಿ ಬೇಕಾಗುವುದಿಲ್ಲ. ರೊಟ್ಟಿಯ ತುಂಡನ್ನು ಅದ್ದಿದಾಗಲೇ ಅವನಿಗೆ ತಿಳಿದುಹೋಗುತ್ತದೆ. ಸೌಟನ್ನು ಬದಲಿಸದೆ, ಬೇಳೆಯನ್ನು ಕಳೆಯದೆ, ಏರಿದ ಐದು ರೂಪಾಯಿಯನ್ನು ಹಲಗೆಯ ಮೇಲೆ ಬರೆದು ಕೇಳುವುದೇ ಮಾರುವವನಿಗೂ ಉಣ್ಣುವವನಿಗೂ ನ್ಯಾಯವಾದ ದಾರಿಯೆಂದು ನಾವು ಎಣಿಸುತ್ತೇವೆ.